ಮನೆಯ ನಕ್ಷೆ ಕೈಗೆ ಬಂದಾಗ: ಗೆರೆ, ಗುರುತು, ಅಳತೆ ಮತ್ತು ಸ್ಕೇಲನ್ನು ಓದುವ ಕ್ರಮ

ಬದಿಯಡ್ಕದ ಕಡೆಯ ಅಡಿಕೆ ಕೃಷಿಕರೊಬ್ಬರು ಒಂದು ಬೆಳಿಗ್ಗೆ ಕಾಸರಗೋಡಿನಲ್ಲಿರುವ ನಮ್ಮ ಕಚೇರಿಗೆ ಬಂದು, ನಾನೇ ಬರೆದುಕೊಟ್ಟಿದ್ದ ನಕ್ಷೆಯ ಜೆರಾಕ್ಸ್ ಪ್ರತಿಯನ್ನು ಮೇಜಿನ ಮೇಲೆ ಹರಡಿ, ಮಗಳ ಶಾಲೆಯ ಅಡಿಪಟ್ಟಿಯನ್ನು ಅದರ ಮೇಲಿಟ್ಟರು. “ಇಂಜಿನಿಯರ್ರೇ, ಒಂದು ಸೆಂಟಿಮೀಟರ್ ಅಂದರೆ ಒಂದು ಮೀಟರ್ ಎಂದು ನೀವೇ ಬರೆದಿದ್ದೀರಿ. ಹಾಲ್ ನೋಡಿ, ಮೂರು ಸೆಂಟಿಮೀಟರೂ ಇಲ್ಲ. ನಾವು ಕೇಳಿದ್ದು ನಾಲ್ಕು ಮೀಟರಿಗಿಂತ ದೊಡ್ಡದು” ಎಂದರು. ಅವರ ಅನುಮಾನಕ್ಕೆ ಕಾರಣವಾದದ್ದು ಜೆರಾಕ್ಸ್ ಯಂತ್ರ. ಆದರೆ ಅದರ ಬೆನ್ನು ಹತ್ತಿ ಹೋದಾಗ ನಕ್ಷೆಯಲ್ಲಿ ನನ್ನದೇ ಒಂದು ನಿಜವಾದ ತಪ್ಪೂ ಸಿಕ್ಕಿತು. ನಕ್ಷೆಯನ್ನು ಮೊದಲ ಬಾರಿ ಕಾಣುವವರು ಅದನ್ನು ಯಾವ ಕ್ರಮದಲ್ಲಿ ಓದಬೇಕು ಎಂಬುದನ್ನು ಅವರ ಆ ಒಂದು ಹಾಳೆಯನ್ನೇ ಮುಂದಿಟ್ಟುಕೊಂಡು ವಿವರಿಸುತ್ತೇನೆ.

ಮೊದಲು ನೋಡಬೇಕಾದದ್ದು ಹಾಳೆಯ ಮೂಲೆ

ಹಾಳೆ ಕೈಗೆ ಬಂದ ಕೂಡಲೇ ಎಲ್ಲರ ಕಣ್ಣೂ ಕೋಣೆಗಳ ಮೇಲೆ ಹೋಗುತ್ತದೆ. ಆದರೆ ಓದು ಆರಂಭವಾಗಬೇಕಾದದ್ದು ಬಲಬದಿಯ ಕೆಳಮೂಲೆಯಲ್ಲಿ ಸಾಮಾನ್ಯವಾಗಿ ಇರುವ ಶೀರ್ಷಿಕೆಯ ಚೌಕದಿಂದ. ಅದು ಯಾವ ಮಹಡಿಯ ನಕ್ಷೆ, ಯಾವ ದಿನಾಂಕದ್ದು, ಎಷ್ಟನೆಯ ಪರಿಷ್ಕರಣೆ, ಯಾವ ಸ್ಕೇಲಿನಲ್ಲಿದೆ ಮತ್ತು ಅಳತೆಗಳು ಯಾವ ಮಾನದಲ್ಲಿವೆ ಎಂಬುದೆಲ್ಲ ಅಲ್ಲಿರುತ್ತದೆ. ಉತ್ತರ ದಿಕ್ಕಿನ ಬಾಣ ಬೇರೆಡೆ ಇರಬಹುದು, ಅದನ್ನೂ ಹುಡುಕಿಕೊಳ್ಳಿ. ಹಾಳೆಯ ಮೇಲ್ಭಾಗವೇ ಉತ್ತರವೆಂದು ಭಾವಿಸಿ ವಾಸ್ತುವಿನ ಚರ್ಚೆ ಅರ್ಧ ಗಂಟೆ ನಡೆದ ಮೇಲೆ ಬಾಣ ಎಡಕ್ಕೆ ತಿರುಗಿರುವುದು ಗೊತ್ತಾದ ಸಂದರ್ಭಗಳನ್ನು ನಾನು ಕಂಡಿದ್ದೇನೆ.

ಅದು ಪಂಚಾಯತಿನ ಪರವಾನಿಗೆಗೆ ಸಲ್ಲಿಸಿದ ನಕ್ಷೆಯೇ ಅಥವಾ ಕೆಲಸಕ್ಕೆ ಬಳಸುವ ನಕ್ಷೆಯೇ ಎಂಬುದನ್ನೂ ಕೇಳಿ ತಿಳಿದುಕೊಳ್ಳಬೇಕು. ಪರವಾನಿಗೆಯ ಹಾಳೆ ನಿಯಮ ಪಾಲನೆಯನ್ನು ತೋರಿಸುವುದಕ್ಕಾಗಿ ಇರುವಂಥದ್ದು, ಸಾಮಾನ್ಯವಾಗಿ 1:100 ಸ್ಕೇಲಿನಲ್ಲಿರುತ್ತದೆ. ಮೇಸ್ತ್ರಿಯ ಕೈಗೆ ಹೋಗಬೇಕಾದದ್ದು 1:50 ಸ್ಕೇಲಿನ, ಬಾಗಿಲು ಗೋಡೆಯ ಮೂಲೆಯಿಂದ ಎಷ್ಟು ದೂರದಲ್ಲಿದೆ ಎಂಬುದನ್ನೂ ಬರೆದಿರುವ ಕೆಲಸದ ನಕ್ಷೆ. ನಮ್ಮ ಕಡೆ ಅನೇಕ ಮನೆಗಳು ಪರವಾನಿಗೆಯ ಹಾಳೆಯೊಂದರಿಂದಲೇ ಎದ್ದು ನಿಲ್ಲುತ್ತವೆ. ಅಂಥಲ್ಲಿ ಹಾಳೆಯಲ್ಲಿ ಇಲ್ಲದ ಅಳತೆಯನ್ನು ಮೇಸ್ತ್ರಿ ತನ್ನ ಅಂದಾಜಿನಿಂದ ತುಂಬುತ್ತಾನೆ.

ಮಾನದ ವಿಷಯದಲ್ಲಿ ಒಂದು ಮಾತು. 330, 3.30, 3300 ಎಂಬ ಮೂರೂ ಬರಹಗಳು ಒಂದೇ ಅಗಲವನ್ನು ಕ್ರಮವಾಗಿ ಸೆಂಟಿಮೀಟರ್, ಮೀಟರ್ ಮತ್ತು ಮಿಲಿಮೀಟರಿನಲ್ಲಿ ಹೇಳುತ್ತವೆ. ಮನೆಯವರು ಅಡಿಯಲ್ಲಿ ಯೋಚಿಸುತ್ತಾರೆ, ಮರದ ಆಚಾರಿ ಕೋಲು ಮತ್ತು ಅಂಗುಲದಲ್ಲಿ ಹೇಳುತ್ತಾರೆ. ಕೇರಳದಲ್ಲಿ ಈಗ ಬಳಕೆಯಲ್ಲಿರುವ ಕೋಲು 72 ಸೆಂಟಿಮೀಟರ್, ಅದರಲ್ಲಿ 24 ಅಂಗುಲ, ಅಂದರೆ ಅಂಗುಲಕ್ಕೆ 3 ಸೆಂಟಿಮೀಟರ್. 360 ಸೆಂಟಿಮೀಟರ್ ಸರಿಯಾಗಿ 5 ಕೋಲು, ಅಡಿಯಲ್ಲಿ ಸುಮಾರು 11 ಅಡಿ 10 ಇಂಚು. 330 ಎಂದರೆ 4 ಕೋಲು 14 ಅಂಗುಲ, ಅಡಿಯಲ್ಲಿ ಸುಮಾರು 10 ಅಡಿ 10 ಇಂಚು. ಅದನ್ನು ಬಾಯಿಮಾತಿಗೆ “ಹನ್ನೊಂದು ಅಡಿ” ಎಂದುಬಿಟ್ಟರೆ 5 ಸೆಂಟಿಮೀಟರ್ ಅಲ್ಲೇ ಜಾರಿಹೋಗುತ್ತದೆ. ಆಯ ಸರಿಹೊಂದಿಸಲು ಆಚಾರಿ ಹೇಳಿದ ಬದಲಾವಣೆ ಕೆಲವೇ ಸೆಂಟಿಮೀಟರುಗಳದ್ದಾದರೂ ಅದನ್ನು ಪೆನ್ನಿನಲ್ಲಿ ಪಕ್ಕಕ್ಕೆ ಗೀಚದೆ ನಕ್ಷೆಯನ್ನೇ ತಿದ್ದಿಸಿಕೊಳ್ಳಬೇಕು. ಏಕೆ ಎಂಬುದು ಮುಂದೆ ಸ್ಪಷ್ಟವಾಗುತ್ತದೆ.

ಸ್ಕೇಲ್ ನಿಜವೇ ಎಂದು ಪರೀಕ್ಷಿಸುವುದು

1:100 ಎಂದರೆ ಹಾಳೆಯ ಮೇಲಿನ ಒಂದು ಅಳತೆ ನೆಲದ ಮೇಲೆ ಅದರ ನೂರು ಪಟ್ಟು. ಆದ್ದರಿಂದ ಒಂದು ಸೆಂಟಿಮೀಟರ್ ಒಂದು ಮೀಟರಾಗುತ್ತದೆ. 1:50ರಲ್ಲಿ ಎರಡು ಸೆಂಟಿಮೀಟರ್ ಒಂದು ಮೀಟರ್. ಇದು ನಿಜವಾಗಿರುವುದು ನಕ್ಷೆಯನ್ನು ಯಾವ ಗಾತ್ರದ ಹಾಳೆಗೆ ಬರೆದಿದ್ದರೋ ಅದೇ ಗಾತ್ರದಲ್ಲಿ ಮುದ್ರಿಸಿದಾಗ ಮಾತ್ರ. ನಾನು ಎ3 ಹಾಳೆಗೆ ಬರೆದದ್ದನ್ನು ಆ ಕೃಷಿಕರು ಪೇಟೆಯ ಅಂಗಡಿಯಲ್ಲಿ ಎ4 ಹಾಳೆಗೆ ಇಳಿಸಿ ಪ್ರತಿ ತೆಗೆಸಿದ್ದರು. ಎ3ರಿಂದ ಎ4ಕ್ಕೆ ಇಳಿದಾಗ ಪ್ರತಿಯೊಂದು ಗೆರೆಯೂ ಸುಮಾರು 0.707 ಪಾಲಿಗೆ ಕುಗ್ಗುತ್ತದೆ. ಮೂಲೆಯಲ್ಲಿ 1:100 ಎಂಬ ಬರಹ ಹಾಗೆಯೇ ಉಳಿದಿದ್ದರೂ ಹಾಳೆ ನಿಜದಲ್ಲಿ 1:141 ಆಗಿರುತ್ತದೆ. ಕಂಪ್ಯೂಟರಿನಿಂದ ನೇರವಾಗಿ ಮುದ್ರಿಸುವಾಗಲೂ `Fit` ಎಂಬ ಆಯ್ಕೆ ಇದ್ದರೆ ಹೀಗೆಯೇ ಆಗುತ್ತದೆ. `Actual size` ಆರಿಸಿ, ಸರಿಯಾದ ಗಾತ್ರದ ಹಾಳೆಯಲ್ಲಿ ಮುದ್ರಿಸಬೇಕು. ವಾಟ್ಸಾಪಿನಲ್ಲಿ ಬಂದ ಫೋಟೊಕ್ಕೆ ಸ್ಕೇಲ್ ಎಂಬುದೇ ಇಲ್ಲ.

ಪರೀಕ್ಷೆ ಸುಲಭ. ಅಂಕಿ ಬರೆದಿರುವ ಅತಿ ಉದ್ದದ ಅಳತೆಯೊಂದನ್ನು ಆರಿಸಿ, ಅಡಿಪಟ್ಟಿಯಿಂದ ಅಳೆದು, ಬರೆದ ಅಂಕಿಯನ್ನು ಅಳೆದದ್ದರಿಂದ ಭಾಗಿಸಿ. ಉದ್ದದ ಅಳತೆಯೇ ಏಕೆಂದರೆ, ಅಡಿಪಟ್ಟಿಯಲ್ಲಿ ಅರ್ಧ ಮಿಲಿಮೀಟರ್ ತಪ್ಪುವುದು ಸಹಜ, ಉದ್ದ ಹೆಚ್ಚಿದಷ್ಟೂ ಆ ತಪ್ಪಿನ ಪಾಲು ಕಡಿಮೆ. ಅವರ ಹಾಳೆಯಲ್ಲಿ ಮನೆಯ ಒಟ್ಟು ಹೊರ ಅಗಲ 1110 ಸೆಂಟಿಮೀಟರ್ ಎಂದು ಬರೆದಿತ್ತು, ಅಳೆದಾಗ 7.85 ಸೆಂಟಿಮೀಟರ್ ಬಂತು. ಭಾಗಿಸಿದರೆ 141. ಹಾಲಿನ ಗಾತ್ರದ ಭಯ ಅಲ್ಲಿಗೆ ಮುಗಿಯಿತೆಂದು ನಾನು ಅಂದುಕೊಂಡೆ.

ಗೋಡೆ ತೋರುವುದು ಹೇಗೆ, ಒಡೆದ ಗೆರೆ ಹೇಳುವುದೇನು

ಮಹಡಿಯ ನಕ್ಷೆ ಮೇಲಿನಿಂದ ಕಂಡ ಮನೆಯ ಚಿತ್ರವಲ್ಲ. ಮೇಲಿನಿಂದ ನೋಡಿದರೆ ಮಾಡು ಮಾತ್ರ ಕಾಣುತ್ತದೆ. ನೆಲದಿಂದ ಸುಮಾರು 1.2 ಮೀಟರ್ ಎತ್ತರದಲ್ಲಿ, ಅಂದರೆ ಕಿಟಕಿಯ ನಡುವಿಗೆ ಬರುವಂತೆ, ಇಡೀ ಮನೆಯನ್ನು ಅಡ್ಡಲಾಗಿ ಕೊಯ್ದು ಮೇಲಿನ ಭಾಗವನ್ನು ತೆಗೆದಿಟ್ಟರೆ ಉಳಿದ ಕೆಳಭಾಗ ಹೇಗೆ ಕಾಣುವುದೋ ಅದೇ ಈ ನಕ್ಷೆ. ಈ ಒಂದು ಕಲ್ಪನೆ ಮನಸ್ಸಿನಲ್ಲಿ ನಿಂತರೆ ಗುರುತುಗಳನ್ನು ಬಾಯಿಪಾಠ ಮಾಡಬೇಕಾಗಿಲ್ಲ. ಕೊಯ್ಲಿಗೆ ಸಿಕ್ಕ ಗೋಡೆ ದಪ್ಪ ಜೋಡಿಗೆರೆಯಾಗಿ, ಕಂಬ ತುಂಬಿದ ಕಪ್ಪು ಚೌಕವಾಗಿ ಬರುತ್ತದೆ. ಕೊಯ್ಲಿಗಿಂತ ಕೆಳಗಿರುವ ಮೆಟ್ಟಿಲು, ಅಡುಗೆಕಟ್ಟೆ, ನೆಲದ ಏರಿಳಿತ ತೆಳುಗೆರೆಯಾಗಿ ಬರುತ್ತವೆ. ಕೊಯ್ಲಿಗಿಂತ ಮೇಲಿರುವ, ಆದರೆ ತಿಳಿದಿರಬೇಕಾದ ಸನ್‌ಶೇಡ್, ತೊಲೆ, ಅಟ್ಟ ಇವುಗಳನ್ನು ಒಡೆದ ಗೆರೆಯಲ್ಲಿ ತೋರಿಸುತ್ತಾರೆ.

ಒಡೆದ ಗೆರೆಯನ್ನು ಮನೆಯವರು ಸಾಮಾನ್ಯವಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ನಮ್ಮ ಜಿಲ್ಲೆಯಲ್ಲಿ ಅದನ್ನು ಮೊದಲು ನೋಡಬೇಕೆಂಬುದು ನನ್ನ ಅಭಿಪ್ರಾಯ. ಕಿಟಕಿಯ ಹೊರಗೆ ಒಡೆದ ಗೆರೆ ಇಲ್ಲದಿದ್ದರೆ ಅಲ್ಲಿ ಸನ್‌ಶೇಡ್ ಇಲ್ಲ. ಇದ್ದರೆ ಗೋಡೆಯಿಂದ ಅದು ಎಷ್ಟು ದೂರ ಚಾಚಿದೆ ಎಂಬುದನ್ನು ಓದಿ, ಮಳೆಯ ಇರಿಚಲು ಯಾವ ಬದಿಯಿಂದ ಹೊಡೆಯುವುದೋ ಆ ಬದಿಯಲ್ಲಿ ಅದು ಸಾಕೇ ಎಂದು ನೀವೇ ತೀರ್ಮಾನಿಸಬಹುದು. ಆ ಜಾಗದಲ್ಲಿ ಹತ್ತಾರು ಮಳೆಗಾಲ ಕಂಡವರು ನೀವೇ ಹೊರತು ನಕ್ಷೆ ಬರೆದವರಲ್ಲ.

ಬಾಗಿಲಿನ ಗುರುತಿನಲ್ಲಿ ಗೋಡೆಯ ಗೆರೆ ಒಡೆದು, ಒಂದು ಬದಿಯಿಂದ ಬಾಗಿಲ ಹಲಗೆಯ ನೇರ ಗೆರೆಯೂ ಅದರ ತುದಿಯಿಂದ ಕಾಲು ವೃತ್ತದ ಕಮಾನೂ ಇರುತ್ತವೆ. ನೇರ ಗೆರೆ ಗೋಡೆಗೆ ತಾಗುವ ಜಾಗದಲ್ಲಿ ತಿರುಗಣಿ, ಕಮಾನು ಬಾಗಿಲು ತೆರೆಯುವಾಗ ಬಳಸುವ ಜಾಗ. ಕಿಟಕಿ ಗೋಡೆಯ ದಪ್ಪದೊಳಗಿನ ತೆಳುಗೆರೆಗಳಾಗಿ ಕಾಣುತ್ತದೆ. ಬಚ್ಚಲಿನ ವೆಂಟಿಲೇಟರ್ ಕೊಯ್ಲಿಗಿಂತ ಮೇಲಿರುವುದರಿಂದ ಅದನ್ನು ಅಕ್ಷರದಿಂದ ಗುರುತಿಸುತ್ತಾರೆ. ಡಿ ಎಂದರೆ ಬಾಗಿಲು, ಡಬ್ಲ್ಯು ಎಂದರೆ ಕಿಟಕಿ, ವಿ ಎಂದರೆ ವೆಂಟಿಲೇಟರ್. ಅಕ್ಷರದ ಪಕ್ಕದ ಅಂಕಿ ಹಾಳೆಯ ಬದಿಯ ಪಟ್ಟಿಯಲ್ಲಿರುವ ಗಾತ್ರವನ್ನು ಸೂಚಿಸುತ್ತದೆ. ಆ ಪಟ್ಟಿಯಲ್ಲಿ ಬಾಗಿಲಿಗೆ 90 ಎಂದಿದ್ದರೆ ಅದು ದಾರಂದದ ಹೊರ ಅಳತೆಯೇ ಎಂದು ಕೇಳಬೇಕು. ಎರಡೂ ಬದಿಯ ದಾರಂದದ ಮರ ಮೂರು ಮೂರು ಇಂಚು ತೆಗೆದುಕೊಂಡರೆ ದಾಟಲು ಉಳಿಯುವುದು ಸುಮಾರು 75 ಸೆಂಟಿಮೀಟರ್ ಮಾತ್ರ. ಮನೆಯಲ್ಲಿ ಗಾಲಿಕುರ್ಚಿ ಬಳಸುವ ಹಿರಿಯರಿದ್ದರೆ ಈ ಪ್ರಶ್ನೆಯನ್ನು ಮರೆಯಬಾರದು.

ನೆಲದ ಮಟ್ಟವನ್ನು +60, +45 ಹೀಗೆ ಚಿಕ್ಕ ಗುರುತಿನೊಂದಿಗೆ ಬರೆಯುತ್ತಾರೆ. ಸೊನ್ನೆ ಯಾವುದು, ಅಂಗಳವೋ ರಸ್ತೆಯೋ ಎಂದು ಕೇಳಿಕೊಂಡರೆ ಸಾಕು. ಅಂಗಳ ಸೊನ್ನೆಯಾಗಿ ಸಿಟೌಟ್ +45 ಇದ್ದರೆ 15 ಸೆಂಟಿಮೀಟರಿನ ಮೂರು ಏರು, ಹಾಲ್ +60 ಇದ್ದರೆ ಇನ್ನೊಂದು. ಬಚ್ಚಲು ಹಾಲಿಗಿಂತ ಒಂದೆರಡು ಸೆಂಟಿಮೀಟರಾದರೂ ತಗ್ಗಾಗಿರಬೇಕು, ಇಲ್ಲದಿದ್ದರೆ ನೀರು ಕೋಣೆಗೆ ಬರುತ್ತದೆ.

ಅಂಕಿಗಳನ್ನು ಕೂಡಿಸಿ ನೋಡುವುದು

ನಕ್ಷೆಯ ಹೊರಗೆ ಒಂದರ ಆಚೆ ಒಂದರಂತೆ ಅಳತೆಯ ಸಾಲುಗಳಿರುತ್ತವೆ. ಒಳಗಿನ ಸಾಲು ಗೋಡೆ ಮತ್ತು ಕೋಣೆಗಳನ್ನು ಬಿಡಿಬಿಡಿಯಾಗಿ ಹೇಳುತ್ತದೆ, ಹೊರಗಿನ ಸಾಲು ಒಟ್ಟು ಅಳತೆಯನ್ನು ಹೇಳುತ್ತದೆ. ಅಳತೆಯ ಗೆರೆಯ ಎರಡು ತುದಿಗಳಲ್ಲಿರುವ ಓರೆ ಗೀಟು ಅಥವಾ ಬಾಣ ಯಾವ ಗೆರೆಗೆ ತಾಗಿದೆ ಎಂಬುದನ್ನು ಗಮನಿಸಿ. ಗೋಡೆಯ ಒಳಮೈಯಿಂದ ಒಳಮೈಗೆ ಇದ್ದರೆ ಅದು ಕೋಣೆಯ ಅಳತೆ. ಗೋಡೆಯ ನಡುವಿನಿಂದ ನಡುವಿಗೆ ಇದ್ದರೆ ಕೋಣೆ ಅದಕ್ಕಿಂತ ಒಂದು ಗೋಡೆಯ ದಪ್ಪದಷ್ಟು ಚಿಕ್ಕದು. ಒಳಮೈ ಎಂದರೂ ಅದು ಮುರಕಲ್ಲಿನ ಮೈ, ಸಾರಣೆಯ ಮೈ ಅಲ್ಲ. ಪ್ರತಿ ಗೋಡೆಗೆ ಒಂದೂವರೆ ಸೆಂಟಿಮೀಟರ್ ಸಾರಣೆ ಬಂದರೆ 330ರ ಕೋಣೆ 327 ಆಗುತ್ತದೆ. ಗೋಡೆಯಿಂದ ಗೋಡೆಗೆ ತುಂಬುವ ಕಪಾಟನ್ನು ನಕ್ಷೆಯ ಅಂಕಿ ನೋಡಿ ಮಾಡಿಸಬಾರದು ಎನ್ನುವುದು ಇದಕ್ಕೇ.

ಈಗ ಆ ಹಾಳೆಗೆ ಮರಳೋಣ. ಪಶ್ಚಿಮದಿಂದ ಪೂರ್ವಕ್ಕೆ ಮಲಗುವ ಕೋಣೆ 330, ಹಾಲ್ 420, ಅಡುಗೆಮನೆ 300. ನಡುವೆ ಮತ್ತು ಹೊರಗೆ ಸೇರಿ 20 ಸೆಂಟಿಮೀಟರಿನ ನಾಲ್ಕು ಗೋಡೆಗಳು. ಅಂಕಿ ಕೂಡಿಸುವುದು ಹೇಗೆಂದು ತೋರಿಸಲು ನಾನು ಕಾಗದದ ಅಂಚಿನಲ್ಲಿ ಬರೆದುಕೊಟ್ಟೆ:

```
20 + 330 + 20 + 420 + 20 + 300 + 20 = 1130
```

“ಇಲ್ಲಿ 1110 ಅಂತ ಉಂಟಲ್ಲ?” ಎಂದು ಅವರು ತಕ್ಷಣ ಕೇಳಿದರು. 20 ಸೆಂಟಿಮೀಟರ್ ವ್ಯತ್ಯಾಸ. ಸಾಮಾನ್ಯವಾಗಿ ಇಂಥ ವ್ಯತ್ಯಾಸ ಒಂದು ಗೋಡೆಯ ದಪ್ಪದಷ್ಟೇ ಇದ್ದರೆ ಯಾರೋ ಒಂದು ಗೋಡೆಯನ್ನು ಎಣಿಸಲು ಮರೆತಿದ್ದಾರೆ ಎಂದು ಊಹಿಸಬಹುದು. ಆದರೆ ಇಲ್ಲಿ ನಾಲ್ಕೂ ಗೋಡೆಗಳು ಸಾಲಿನಲ್ಲಿದ್ದವು. ಆಗ ಅವರ ಅಡಿಪಟ್ಟಿಯೇ ಉಪಯೋಗಕ್ಕೆ ಬಂತು. ಪ್ರತಿಯ ಸ್ಕೇಲ್ 1:141 ಎಂದು ಗೊತ್ತಿತ್ತು. 420ರ ಹಾಲ್ ಆ ಹಾಳೆಯಲ್ಲಿ ಹೆಚ್ಚುಕಡಿಮೆ 30 ಮಿಲಿಮೀಟರ್ ಇರಬೇಕು. ಅಳೆದಾಗ 28 ಮಿಲಿಮೀಟರ್ ಮತ್ತು ಸ್ವಲ್ಪ, ಅಂದರೆ ನೆಲದ ಮೇಲೆ 400 ಸೆಂಟಿಮೀಟರ್. ಮಲಗುವ ಕೋಣೆಯೂ ಅಡುಗೆಮನೆಯೂ ಬರೆದ ಅಂಕಿಗೆ ಸರಿಯಾಗಿಯೇ ಇದ್ದವು.

ಕಾರಣ ನನಗೆ ಆಗ ನೆನಪಾಯಿತು. ಮೊದಲ ನಕ್ಷೆಯಲ್ಲಿ ಹಾಲ್ 400 ಇತ್ತು. ಸ್ವಲ್ಪ ದೊಡ್ಡದು ಮಾಡಿ ಎಂದು ಮನೆಯವರು ಕೇಳಿದಾಗ ನಾನು ಅವಸರದಲ್ಲಿ ಗೋಡೆಯನ್ನು ಸರಿಸದೆ ಅಂಕಿಯನ್ನು ಮಾತ್ರ 420 ಎಂದು ತಿದ್ದಿದ್ದೆ. ಕಂಪ್ಯೂಟರಿನಲ್ಲಿ ಅಳತೆಯ ಅಂಕಿ ಗೆರೆಯಿಂದ ತಾನಾಗಿಯೇ ಬರುತ್ತದೆ, ಆದರೆ ಅದರ ಮೇಲೆ ಬೇರೆ ಅಂಕಿಯನ್ನು ಬರೆಯಲು ಯಾವ ಅಡ್ಡಿಯೂ ಇಲ್ಲ. ಮೇಸ್ತ್ರಿ ಮೂಲೆಯಿಂದ ಮೂಲೆಗೆ 1110ಕ್ಕೆ ಹಗ್ಗ ಎಳೆದು ಪಂಚಾಂಗ ಕಟ್ಟಿದ್ದರೆ, 20 ಸೆಂಟಿಮೀಟರಿನ ಕೊರತೆ ಕೊನೆಗೆ ಕಟ್ಟಿದ ಕೋಣೆಯ ಪಾಲಿಗೆ ಬರುತ್ತಿತ್ತು. ಅದು ಅಡುಗೆಮನೆಯಾಗಿದ್ದರೆ ಕಟ್ಟೆ ಕೂರಿಸುವ ದಿನದವರೆಗೆ ಯಾರಿಗೂ ತಿಳಿಯುತ್ತಿರಲಿಲ್ಲ.

ಆದ್ದರಿಂದ ನಿಯಮವನ್ನು ಹೀಗೆ ಇಟ್ಟುಕೊಳ್ಳಿ: ಕಟ್ಟುವುದಕ್ಕೆ ಬರೆದ ಅಂಕಿಯೇ ಪ್ರಮಾಣ, ಅಡಿಪಟ್ಟಿಯಲ್ಲಿ ಅಳೆದದ್ದಲ್ಲ. ಅಡಿಪಟ್ಟಿ ಅನುಮಾನ ಹುಟ್ಟಿದಾಗ ತಪ್ಪು ಎಲ್ಲಿದೆ ಎಂದು ಹುಡುಕುವುದಕ್ಕೆ ಮಾತ್ರ. ಅಂಕಿ ಮತ್ತು ಗೆರೆ ಹೊಂದದಿದ್ದರೆ ಎರಡರಲ್ಲಿ ಒಂದನ್ನು ನೀವೇ ಆರಿಸಬೇಡಿ, ನಕ್ಷೆ ಬರೆದವರಿಂದ ತಿದ್ದಿಸಿಕೊಳ್ಳಿ. ಉದ್ದಕ್ಕೂ ಅಗಲಕ್ಕೂ, ನಾಲ್ಕೂ ಬದಿಯ ಸಾಲುಗಳನ್ನು ಕೂಡಿಸಿ ನೋಡಿ.

ಕೋಣೆಯೊಳಗೆ ಮಂಚ ಮತ್ತು ಕಪಾಟನ್ನು ಇಟ್ಟು ನೋಡುವುದು

ನಕ್ಷೆಯಲ್ಲಿ ಮಂಚದ ಚಿತ್ರವಿದ್ದರೆ ಅದು ನಿಮ್ಮ ಮಂಚವಲ್ಲ, ಕಂಪ್ಯೂಟರಿನಲ್ಲಿ ಸಿದ್ಧವಿರುವ ಒಂದು ಚಿತ್ರ. ನಿಮ್ಮ ಸಾಮಾನುಗಳ ಅಳತೆ ತೆಗೆದು, ಅದೇ ಸ್ಕೇಲಿನಲ್ಲಿ ಕಾಗದದ ತುಂಡುಗಳನ್ನು ಕತ್ತರಿಸಿ ಕೋಣೆಯ ಮೇಲೆ ಇಟ್ಟು ನೋಡಿ. ಮಲಗುವ ಕೋಣೆ ಪೂರ್ವ-ಪಶ್ಚಿಮಕ್ಕೆ 330, ಉತ್ತರ-ದಕ್ಷಿಣಕ್ಕೆ 360. ಹಾಲಿನಿಂದ ಬರುವ ಬಾಗಿಲು ಪೂರ್ವದ ಗೋಡೆಯಲ್ಲಿ, ಉತ್ತರದ ಮೂಲೆಯಿಂದ 10 ಸೆಂಟಿಮೀಟರ್ ಬಿಟ್ಟು ಇತ್ತು. ಕೃಷಿಕರ ಪತ್ನಿಯ ಪ್ರಶ್ನೆ ಒಂದೇ: ಒಂಬತ್ತು ಅಡಿಯ ಕಪಾಟು ಎಲ್ಲಿ?

ದಕ್ಷಿಣಕ್ಕೆ ತಲೆಯಿಟ್ಟು ಮಲಗುವುದು ಅವರಿಗೆ ಬೇಕಾಗಿತ್ತು, ಆದ್ದರಿಂದ ಮಂಚ ದಕ್ಷಿಣದ ಗೋಡೆಗೆ. ಪಶ್ಚಿಮದಲ್ಲಿ ಕಿಟಕಿ. ಕಪಾಟಿಗೆ ಉಳಿದದ್ದು ಉತ್ತರದ ಗೋಡೆ. ಆದರೆ 60 ಸೆಂಟಿಮೀಟರ್ ಆಳದ ಕಪಾಟು ಆ ಗೋಡೆಯುದ್ದಕ್ಕೂ ಬಂದರೆ ಬಾಗಿಲಿನ ಅರ್ಧಕ್ಕಿಂತ ಹೆಚ್ಚನ್ನು ಮುಚ್ಚುತ್ತದೆ. ಬಾಗಿಲಿಗಾಗಿ ಒಂದು ಮೀಟರ್ ಬಿಟ್ಟರೆ ಕಪಾಟಿಗೆ 230 ಮಾತ್ರ ಉಳಿಯುತ್ತದೆ, ಒಂಬತ್ತು ಅಡಿಗೆ ಬೇಕಾದದ್ದು 274.

ಬಾಗಿಲನ್ನು ಉತ್ತರದ ಮೂಲೆಯಿಂದ 70 ಸೆಂಟಿಮೀಟರ್ ದೂರಕ್ಕೆ ಸರಿಸಿದರೆ ಕಪಾಟಿಗೆ ಇಡೀ ಗೋಡೆ ಸಿಗುತ್ತದೆ. ಆಗ ತಿರುಗಣಿ ಯಾವ ಬದಿಯಲ್ಲಿರಬೇಕು ಎಂಬುದೇ ಮುಖ್ಯ. ಉತ್ತರದ ಬದಿಯಲ್ಲಿದ್ದರೆ ತೆರೆದ ಬಾಗಿಲು ಕಪಾಟಿನ ಮುಂದೆಯೇ ಬಂದು ನಿಲ್ಲುತ್ತದೆ. ದಕ್ಷಿಣದ ಬದಿಯಲ್ಲಿದ್ದರೆ ಪೂರ್ವದ ಗೋಡೆಗೆ ಒರಗುತ್ತದೆ. ಇದು ಸರಿಯೆಂದು ಕಮಾನನ್ನು ಎಳೆದಾಗ ಇನ್ನೊಂದು ತೊಡಕು ಕಂಡಿತು. 180 ಅಗಲ, 200 ಉದ್ದದ ಮಂಚವನ್ನು ಕೋಣೆಯ ನಡುವೆ ಇಟ್ಟರೆ ಎರಡೂ ಬದಿಗೆ 75 ಸೆಂಟಿಮೀಟರ್ ಉಳಿಯುತ್ತದೆ. ಬಾಗಿಲ ಹಲಗೆಯೇ 75ಕ್ಕಿಂತ ತುಸು ಹೆಚ್ಚು. ಅದು ಮಂಚದ ಕಾಲಿನ ಮೂಲೆಗೆ ತಗಲುತ್ತದೆ. ಮಂಚವನ್ನು ಪಶ್ಚಿಮಕ್ಕೆ 15 ಸೆಂಟಿಮೀಟರ್ ಸರಿಸಿದಾಗ ಬಾಗಿಲ ಬದಿಗೆ 90, ಕಿಟಕಿಯ ಬದಿಗೆ 60 ಉಳಿದು ತೊಡಕು ಬಗೆಹರಿಯಿತು. ಮಂಚದ ಬುಡಕ್ಕೂ ಕಪಾಟಿಗೂ ನಡುವೆ ಒಂದು ಮೀಟರ್, ಸಾರಣೆ ಕಳೆದು 97 ಸೆಂಟಿಮೀಟರ್, ಕಪಾಟಿನ ಬಾಗಿಲು ತೆರೆದು ನಿಲ್ಲಲು ಸಾಕು.

ಕಾಗದದ ಮೇಲೆ ನಂಬಿಕೆ ಬಾರದವರು ಅಡಿಕೆ ಒಣಗಿಸುವ ಅಂಗಳದಲ್ಲಿ ಹಗ್ಗ ಕಟ್ಟಿ 330 ಮತ್ತು 360ರ ಚೌಕ ಎಳೆಯಲಿ. ಮೂಲೆಯಿಂದ ಮೂಲೆಗೆ ಅಳತೆ 488 ಸೆಂಟಿಮೀಟರ್ ಎರಡೂ ಕಡೆ ಬಂದರೆ ಮೂಲೆಗಳು ಸರಿಯಾಗಿವೆ. ಬಯಲಿನಲ್ಲಿ ಎಳೆದ ಕೋಣೆ ಯಾವಾಗಲೂ ಚಿಕ್ಕದಾಗಿ ಕಾಣುತ್ತದೆ, ಅದನ್ನು ನೋಡಿ ಗಾತ್ರ ಹೆಚ್ಚಿಸಲು ಹೋಗಬೇಡಿ. ಹಳೆಯ ಮಂಚವನ್ನೇ ತಂದು ಅದರೊಳಗಿಟ್ಟು ಸುತ್ತ ನಡೆದು ನೋಡಿ.

ತಿದ್ದಿದ ಹಾಳೆ

ಹಾಲನ್ನು ನಿಜವಾಗಿ 420ಕ್ಕೆ ಹಿಗ್ಗಿಸಿ, ಒಟ್ಟು ಅಗಲ 1130 ಆಗುವಂತೆ ನಾನು ನಕ್ಷೆಯನ್ನು ಹೊಸದಾಗಿ ಬರೆದೆ. ಮನೆ 20 ಸೆಂಟಿಮೀಟರ್ ಅಗಲವಾದರೆ ಪೂರ್ವದ ಗಡಿಗೆ ಬಿಟ್ಟ ಜಾಗ ಅಷ್ಟೇ ಕಡಿಮೆಯಾಗುತ್ತದೆ. ಹಾಗಾಗಿ ನಿವೇಶನದ ನಕ್ಷೆಯನ್ನೂ ತಿದ್ದಿ, 2019ರ ಪಂಚಾಯತ್ ಕಟ್ಟಡ ನಿಯಮಗಳು ಕೇಳುವ ದೂರ ಉಳಿಯುತ್ತದೆಯೇ ಎಂದು ನೋಡಬೇಕಾಯಿತು. ಶೀರ್ಷಿಕೆಯ ಚೌಕದಲ್ಲಿ ದಿನಾಂಕ ಬದಲಾಯಿತು, ಪರಿಷ್ಕರಣೆಯ ಜಾಗದಲ್ಲಿ 2 ಎಂದು ಬಂತು. ಹಳೆಯ ಪ್ರತಿಯನ್ನು ಅವರು ನನ್ನ ಎದುರಿಗೇ ಹರಿದರು. ಆದರೆ ಮೇಸ್ತ್ರಿಯ ಮೊಬೈಲಿನಲ್ಲಿ ಅದರ ಫೋಟೊ ಇತ್ತು. ಹಗ್ಗ ಎಳೆಯುವ ದಿನ ಅವರು ಮಾಡಿದ ಮೊದಲ ಕೆಲಸ ಆ ಫೋಟೊವನ್ನು ಅಳಿಸಿಸಿ, ಪರಿಷ್ಕರಣೆ 2ರ ಹಾಳೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಸಿಮೆಂಟಿನ ಶೆಡ್ಡಿನ ಬಾಗಿಲಿಗೆ ತೂಗುಹಾಕಿದ್ದು.